ಫೋಟೊ ಕಳಿಸಿ ಗಣಿತದ ಡೌಟ್ ಕೇಳುವ ಸೇವೆ: 14 ತಿಂಗಳು ಬಳಸಿದ ಮೇಲೆ

ಮಗಳು ಒಂಬತ್ತನೇ ತರಗತಿಯಲ್ಲಿದ್ದಾಗ ಸೇರಿಸಿದ್ದೆ, ಈಗ ಎಸ್ಸೆಸ್ಸೆಲ್ಸಿ. ಲೆಕ್ಕದ ಫೋಟೊ ವಾಟ್ಸ್‌ಆ್ಯಪ್ ಮಾಡಿದರೆ ಗಣಿತದ ಮೇಷ್ಟ್ರೊಬ್ಬರು ಅದರ ಮೇಲೆಯೇ ಗುರುತು ಹಾಕಿ, ಮಾತಿನಲ್ಲಿ ವಿವರಿಸಿ ಕಳಿಸುತ್ತಾರೆ. ಬೀಜಗಣಿತದಲ್ಲಿ ತಕರಾರಿಲ್ಲ. ವೃತ್ತದ ಪಾಠದ ಬಗ್ಗೆ ಹೇಳುವುದಿದೆ.

ಅವರಿಂದ ಮಗಳು ಕಲಿತ ದೊಡ್ಡ ವಿಷಯವೆಂದರೆ, ಗುರುತು ಮಾಡಿದ ಕೋನದ ಮೂಲೆ ಎಲ್ಲಿದೆ ಎಂದು ಮೊದಲು ನೋಡುವುದು. ಮೂಲೆ ವೃತ್ತದ ಹೊರಗಿದ್ದು ಎರಡೂ ಗೆರೆಗಳು ಸ್ಪರ್ಶಕಗಳಾಗಿದ್ದರೆ ಅವುಗಳ ಉದ್ದ ಸಮ, ಅಲ್ಲೊಂದು ಸಮದ್ವಿಬಾಹು ತ್ರಿಭುಜ ಸಿಗುತ್ತದೆ. ಮೂಲೆ ಸ್ಪರ್ಶಬಿಂದುವಿನಲ್ಲಿದ್ದರೆ, ಸ್ಪರ್ಶಕವಲ್ಲದ ಇನ್ನೊಂದು ಗೆರೆ ಎಲ್ಲಿಗೆ ಹೋಗುತ್ತದೆ ನೋಡಬೇಕು. ಕೇಂದ್ರಕ್ಕೆ ಹೋದರೆ 90°. ಬರೀ ಜ್ಯಾ ಆಗಿದ್ದರೆ, ಆ ಕೋನವು ಜ್ಯಾದ ಆಚೆ ಬದಿಯ ವೃತ್ತಖಂಡದಲ್ಲಿರುವ ಕೋನಕ್ಕೆ ಸಮ.

ಎಡವಟ್ಟಾಗಿದ್ದು ಇಲ್ಲೇ. ಕಳೆದ ತಿಂಗಳು ಕಳಿಸಿದ ಚಿತ್ರದಲ್ಲಿ A ಬಿಂದುವಿನಲ್ಲಿ ಸ್ಪರ್ಶಕ AQ, ಜ್ಯಾ AB, ಅವುಗಳ ನಡುವೆ 58°. Q ಇಲ್ಲದ ಬದಿಯಲ್ಲಿ ವೃತ್ತದ ಮೇಲೆ C. ಕೇಳಿದ್ದು ∠ACB. ಪುಸ್ತಕದ ಮಡಿಕೆಯ ಹತ್ತಿರ ಓರೆಯಾಗಿ ತೆಗೆದ ಫೋಟೊ, ವೃತ್ತ ಮೊಟ್ಟೆಯಂತಾಗಿ AB ನಟ್ಟನಡುವೆ ಹಾಯ್ದಂತೆ ಕಾಣುತ್ತಿತ್ತು. ಉತ್ತರ ಬಂತು: AB ವ್ಯಾಸ, ಹಾಗಾಗಿ ಅರ್ಧವೃತ್ತದ ಕೋನ 90°.

ಮಗಳು ನೋಡಿದವಳೇ, "ಅಪ್ಪಾ, ಇದು ವ್ಯಾಸ ಹೆಂಗ ಆಗತೈತಿ? ವ್ಯಾಸ ಆಗಿದ್ರ ಸ್ಪರ್ಶಕದ ಜೋಡಿ 90 ಇರಬೇಕಿತ್ತಲ್ಲ, ಇಲ್ಲಿ 58 ಅಂತ ಬರದಾರ" ಅಂದಳು. ಖುಷಿಯಾಯಿತು. ಕಣ್ಣಿಗೆ ಕಾಣುವುದಕ್ಕಿಂತ ಬರೆದ ಅಂಕಿಯನ್ನು ನಂಬಬೇಕು ಎಂಬುದು ಅವಳಿಗೆ ಗಟ್ಟಿಯಾಗಿತ್ತು.

ಪುಸ್ತಕವನ್ನು ಚಪ್ಪಟೆಯಾಗಿಟ್ಟು ನೇರ ಮೇಲಿನಿಂದ ತೆಗೆದು ಮತ್ತೆ ಕಳಿಸಿದೆವು. ಅರ್ಧ ಗಂಟೆಯಲ್ಲಿ ತಪ್ಪು ಒಪ್ಪಿಕೊಂಡು 58° ಎಂದು ತಿದ್ದಿದರು. C ಅದೇ Q ಬದಿಯಲ್ಲಿದ್ದಿದ್ದರೆ 180ರಲ್ಲಿ 58 ಕಳೆದು 122° ಆಗುತ್ತಿತ್ತು ಎಂದೂ ತಿಳಿಸಿದರು. ಅದನ್ನು ನಾವು ಕೇಳಿರಲಿಲ್ಲ.

ಒಂದು ಕೊರತೆ ಉಳಿದಿದೆ. ಜ್ಯಾ-ಸ್ಪರ್ಶಕದ ಈ ನಿಯಮವನ್ನು ಅವರು ನೇರವಾಗಿ ಬಳಸುತ್ತಾರೆ, ಆದರೆ ನಮ್ಮ ಹತ್ತನೇ ಪುಸ್ತಕದ ಪಾಠ ನಿಂತಿರುವುದು ಮೇಲೆ ಹೇಳಿದ ಮೊದಲ ಎರಡು ಪ್ರಮೇಯಗಳ ಮೇಲೆ, ಅಂದರೆ ಸ್ಪರ್ಶಕಗಳ ಉದ್ದ ಸಮ ಮತ್ತು ಕೇಂದ್ರಕ್ಕೆ ಹೋದ ಗೆರೆಯೊಂದಿಗೆ 90°. ಪರೀಕ್ಷೆಯಲ್ಲಿ ಮಗಳು ಕೇಂದ್ರ O ಎಳೆದು ಬರೆಯಬೇಕು: OA ಸ್ಪರ್ಶಕಕ್ಕೆ ಲಂಬ, ಆದ್ದರಿಂದ ∠OAB = 32°. OA, OB ತ್ರಿಜ್ಯಗಳು, ∠OBA ಕೂಡ 32°. ಉಳಿದ ∠AOB = 116°, ಪರಿಧಿಯಲ್ಲಿ ಅದರ ಅರ್ಧ 58°. ಈ ಹಂತಗಳನ್ನು ಕೇಳಿದ ಮೇಲೆಯೇ ಕೊಟ್ಟರು. ಯಾವ ತರಗತಿ, ಯಾವ ಪಠ್ಯ ಎಂದು ಮೊದಲೇ ವಿಚಾರಿಸಿದ್ದರೆ ಒಂದು ಸಂಜೆ ಉಳಿಯುತ್ತಿತ್ತು.

ಐದಕ್ಕೆ ನಾಲ್ಕು ಕೊಡುತ್ತೇನೆ. ಫೋಟೊ ಕಳಿಸುವಾಗ ಕೇಂದ್ರದ ಚುಕ್ಕೆಯೂ ಪ್ರಶ್ನೆಯ ಸಾಲೂ ಕತ್ತರಿಸಿ ಹೋಗದಂತೆ ನೋಡಿಕೊಳ್ಳಿ.

— ವಿಜಯಪುರದಿಂದ ಒಬ್ಬ ಪಾಲಕ