ಬಾಂಡೋ, ಹೊಸ ಮನೆಯೋ: ಕುವೆಂಪುನಗರದ ಮನೆ ಮಾರಿದ ಮೇಲೆ

ಮನೆ ಮಾರಿದ ಲಾಭದ ಮೇಲಿನ ತೆರಿಗೆ ಉಳಿಸಲು ನಾನು ಬಾಂಡ್ ಕೊಂಡೆ, ಅಣ್ಣ ಮನೆ ಕಟ್ಟಲು ಹೊರಟ. ಒಂದೂವರೆ ವರ್ಷ ಎರಡನ್ನೂ ನೋಡಿದ ಮೇಲೂ ನನ್ನ ಮತ ಬಾಂಡಿಗೇ.

ಮೈಸೂರು ಕುವೆಂಪುನಗರದ ಮನೆಯನ್ನು 2010ರ ಜೂನ್‌ನಲ್ಲಿ ಇಬ್ಬರೂ ಸಮಪಾಲಿನಲ್ಲಿ ಕೊಂಡಿದ್ದೆವು. ತಲಾ 18 ಲಕ್ಷ ಹಾಕಿದ್ದೆವು. 2024ರ ನವೆಂಬರ್‌ನಲ್ಲಿ ಮಾರಿದಾಗ ತಲಾ 60 ಲಕ್ಷ ಬಂತು. ಎರಡು ವರ್ಷ ದಾಟಿದ್ದರಿಂದ ಇದು ದೀರ್ಘಾವಧಿ ಲಾಭ, ತಲಾ 42 ಲಕ್ಷ.

ಏನೂ ಮಾಡದೆ ತೆರಿಗೆ ಕಟ್ಟಿದ್ದರೆ? ಶೇ 12.5ರ ಲೆಕ್ಕದಲ್ಲಿ 5.25 ಲಕ್ಷ. ಆದರೆ 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಗೆ ಇಂಡೆಕ್ಸೇಶನ್ ಹಾಕಿ, ಅಂದರೆ ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ, ಉಳಿದ ಲಾಭಕ್ಕೆ ಶೇ 20 ಕೊಡುವ ಆಯ್ಕೆ ಇನ್ನೂ ಇದೆ. ಹಣದುಬ್ಬರದ ಸೂಚ್ಯಂಕ 167ರಿಂದ 363ಕ್ಕೆ ಏರಿರುವುದರಿಂದ 18 ಲಕ್ಷ 39.13 ಲಕ್ಷವಾಗುತ್ತದೆ, ತೆರಿಗೆ 4.17 ಲಕ್ಷಕ್ಕೆ ಇಳಿಯುತ್ತದೆ. ಸೆಸ್ ಸೇರಿ ಸುಮಾರು 4.34 ಲಕ್ಷ. ಬಾಂಡಿನಿಂದ ಉಳಿಯುವುದು ಇಷ್ಟೇ ಎಂದು ತಿಳಿದೇ ಕೊಂಡೆ.

ನಾನು ಕೊಂಡದ್ದು ತೆರಿಗೆ ಕಾನೂನಿನ ಸೆಕ್ಷನ್ 54ಇಸಿಯಲ್ಲಿ ವಿನಾಯಿತಿ ಕೊಡುವ ಬಾಂಡ್. ಮನೆ ಮಾರಿದ ಆರು ತಿಂಗಳೊಳಗೆ ಅದನ್ನು ಕೊಳ್ಳಬೇಕು, ಮಿತಿ 50 ಲಕ್ಷ. ಹಾಕಬೇಕಾದದ್ದು ಲಾಭವನ್ನು ಮಾತ್ರ, ಮಾರಿದ ಪೂರ್ತಿ ಹಣವನ್ನಲ್ಲ. ಬಡ್ಡಿ ಶೇ 5.25, ಅದಕ್ಕೆ ತೆರಿಗೆಯೂ ಉಂಟು. ಐದು ವರ್ಷ ಮಾರುವಂತಿಲ್ಲ, ಅಡವಿಟ್ಟು ಸಾಲ ತೆಗೆಯುವಂತೆಯೂ ಇಲ್ಲ. ತೆರಿಗೆ ಕಟ್ಟಿ ಉಳಿದದ್ದನ್ನು ಶೇ 7ರ ಎಫ್‌ಡಿಯಲ್ಲಿಟ್ಟಿದ್ದರೆ ವರ್ಷಕ್ಕೆ 43 ಸಾವಿರ ಹೆಚ್ಚು ಬಡ್ಡಿ ಸಿಗುತ್ತಿತ್ತು. ಐದು ವರ್ಷಕ್ಕೆ ಅದು ಎರಡು ಲಕ್ಷ ಚಿಲ್ಲರೆ. ಆದರೂ ಬಾಂಡಿನಲ್ಲಿ ಎರಡು ಲಕ್ಷ ಮಿಗುತ್ತದೆ.

ಅಣ್ಣನ ದಾರಿ ಸೆಕ್ಷನ್ 54, ಅಂದರೆ ಲಾಭವನ್ನು ಇನ್ನೊಂದು ಮನೆಗೆ ಹಾಕಿ ತೆರಿಗೆ ವಿನಾಯಿತಿ ಪಡೆಯುವುದು. ಸಿದ್ಧ ಮನೆಯಾದರೆ ಎರಡು ವರ್ಷದೊಳಗೆ ಕೊಳ್ಳಬೇಕು, ಕಟ್ಟುವುದಾದರೆ ಮೂರು ವರ್ಷದೊಳಗೆ ಮುಗಿಸಬೇಕು. ಬರೀ ಸೈಟಿಗೆ ವಿನಾಯಿತಿ ಇಲ್ಲ. ರಿಟರ್ನ್ಸ್ ಗಡುವಿನೊಳಗೆ ಖರ್ಚಾಗದ ಹಣವನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ ಇಡಬೇಕು. ತೊಂದರೆ ಶುರುವಾದದ್ದು ಅಲ್ಲೇ.

ಬಡ್ಡಿಯ ಆಸೆಗೆ ಅವನು ಎಲ್ಲವನ್ನೂ ‘ಬಿ’ ಖಾತೆಗೆ, ಅಂದರೆ ಠೇವಣಿಗೆ ಹಾಕಿದ. ಹಣ ತೆಗೆಯಲು ಮೊದಲು ಅದನ್ನು ‘ಎ’ ಉಳಿತಾಯ ಖಾತೆಗೆ ಬದಲಿಸಬೇಕು, ಅವಧಿಗೆ ಮುಂಚೆ ಮುರಿದದ್ದಕ್ಕೆ ಬಡ್ಡಿಯೂ ಕಡಿಮೆ. ಆಮೇಲೆ ಮೊದಲ ಸಲ ಫಾರಂ ಸಿ. ಮುಂದಿನ ಪ್ರತಿ ಸಲ ಫಾರಂ ಡಿ, ಅದರಲ್ಲಿ ಹಿಂದಿನ ಕಂತು ಎಲ್ಲಿ ಖರ್ಚಾಯಿತೆಂಬ ವಿವರ. ತೆಗೆದದ್ದನ್ನು 60 ದಿನದೊಳಗೆ ಬಳಸಬೇಕು, ಮಿಕ್ಕದ್ದನ್ನು ವಾಪಸು ಕಟ್ಟಬೇಕು. ಮೇಸ್ತ್ರಿಗೆ ಪ್ರತಿ ಶನಿವಾರ ಬಟವಾಡೆ. ಶಾಖೆಯಲ್ಲಿ ಆ ಫಾರಂ ಬಲ್ಲವರು ಒಬ್ಬರೇ, ಅವರು ರಜೆಯಲ್ಲಿದ್ದರೆ ಅವನು ಬರಿಗೈಲಿ ಬರುತ್ತಿದ್ದ. ಸೆಂಟ್ರಿಂಗ್ ಸಮಯದಲ್ಲಿ ಎರಡು ವಾರದ ಕೂಲಿಗೆ ನನ್ನಿಂದಲೇ ಸಾಲ ಪಡೆದ. ಖಾತೆ ಮುಚ್ಚಲು ಫಾರಂ ಜಿ, ಅದಕ್ಕೆ ತೆರಿಗೆ ಅಧಿಕಾರಿಯ ಒಪ್ಪಿಗೆ ಬೇಕು. 2027ರ ನವೆಂಬರ್‌ಗೆ ಉಳಿದ ಹಣಕ್ಕೆ ಆ ವರ್ಷವೇ ತೆರಿಗೆ ಬೀಳುತ್ತದೆ.

ನನಗೆ ಮಂಡ್ಯದಲ್ಲಿ ಮನೆಯಿದೆ, ಓಡಾಟ ಆಗದು, ವರ್ಷಕ್ಕೊಮ್ಮೆ ಬರುವ ಬಡ್ಡಿ ಸಾಕು. ಅಣ್ಣ ಬಾಡಿಗೆ ಮನೆಯಲ್ಲಿದ್ದ, ಅವನಿಗೆ ಸೂರು ಬೇಕಿತ್ತು. ಅವನಂತೆ ಕಟ್ಟುವವರು ಮೊದಲ ಆರು ತಿಂಗಳ ಖರ್ಚನ್ನಾದರೂ ‘ಎ’ ಖಾತೆಯಲ್ಲೇ ಇಡಿ.