ಮಿಶ್ರ ಮೇವೋ, ಬೇರೆ ಬೇರೆಯೋ?

ಹಿಂಡಿಯನ್ನು ಹಾಲು ಕರೆಯುವಾಗ ಒಮ್ಮೆಲೇ ಕೊಟ್ಟರೆ ಹಸುವಿನ ಹೊಟ್ಟೆಯಲ್ಲಿ ಆಮ್ಲ ಏರುತ್ತದೆ. ಮೆಲುಕು ತಗ್ಗಿ, ಸಗಣಿ ತೆಳುವಾಗುತ್ತದೆ. ಹಸಿಮೇವು, ಒಣಹುಲ್ಲು, ಹಿಂಡಿಯನ್ನು ಒಟ್ಟಿಗೆ ಕಲಸಿದ ಮಿಶ್ರ ಮೇವಿನಲ್ಲಿ ಪ್ರತಿ ತುತ್ತಿಗೂ ನಾರು ಸೇರುವುದರಿಂದ ಈ ಕಾಟ ಕಡಿಮೆ. ಆದರೆ ಕತ್ತರಿಸುವ ಯಂತ್ರವಿಲ್ಲದಿದ್ದರೆ ಇದರ ಗೋಜಿಗೆ ಹೋಗಬೇಡಿ.

10 ಲೀಟರ್ ಕೊಡುವ, 400 ಕಿಲೋ ತೂಕದ ಹಸುವಿಗೆ ದಿನಕ್ಕೆ ಸುಮಾರು 20 ಕಿಲೋ ಹಸಿಮೇವು, 4 ಕಿಲೋ ಒಣಹುಲ್ಲು, 5 ಕಿಲೋ ಹಿಂಡಿ ಸಾಕು. ಮೇವು, ಹುಲ್ಲನ್ನು 2–3 ಸೆಂಟಿಮೀಟರಿಗೆ ಕತ್ತರಿಸಿ. ಟಾರ್ಪಾಲಿನ ಮೇಲೆ ಹುಲ್ಲು, ಹಸಿಮೇವು, ಖನಿಜ ಮಿಶ್ರಣ ಬೆರೆಸಿದ ಹಿಂಡಿ ಹರಡಿ, ನಾಲ್ಕು ಸಲ ಮಗುಚಿ. ಹಿಂಡಿ ಹುಲ್ಲಿಗೆ ಅಂಟದೆ ಉದುರಿದರೆ ನೀರು ಚಿಮುಕಿಸಿ.

ಗೋದಲಿಯಲ್ಲಿ ಉದ್ದ ಹುಲ್ಲಷ್ಟೇ ಉಳಿದಿದ್ದರೆ ಹಸು ಹಿಂಡಿಯನ್ನು ಆರಿಸಿ ತಿಂದಿದೆ: ಇನ್ನೂ ಸಣ್ಣಗೆ ಕತ್ತರಿಸಿ. ಮಿಶ್ರಣ ಬಿಸಿಯಾಗಿ ಹುಳಿವಾಸನೆ ಬಂದರೆ ಎಸೆಯಿರಿ. ಸೆಕೆಯಲ್ಲಿ ದಿನಕ್ಕೆರಡು ಸಲ ಕಲಸಬೇಕು.

ಬತ್ತಿದ ಹಸುವಿಗೂ ಇದೇ ಮಿಶ್ರಣ ಹಾಕಿದರೆ ಕೊಬ್ಬುತ್ತದೆ. ಹಾಲಿನ ಪ್ರಮಾಣದಲ್ಲಿ ಅಂತರ ಹೆಚ್ಚಿರುವ ಮೂರ್ನಾಲ್ಕು ಹಸುಗಳಿದ್ದರೆ ಬೇರೆ ಬೇರೆಯಾಗಿ ಕೊಡುವುದೇ ವಾಸಿ, ಹಿಂಡಿಯನ್ನು ಮೂರು ಹೊತ್ತಿಗೆ ಹಂಚಿ, ಮೊದಲು ಹುಲ್ಲು ತಿನ್ನಿಸಿ.