15ಎಚ್ ಕೊಟ್ಟರೂ ಬಡ್ಡಿಯಲ್ಲಿ 5,625 ರೂಪಾಯಿ ಹಿಡಿದುಕೊಂಡರು: ಹಿರಿಯರೇ, ಸೀಲ್ ಇಲ್ಲದೆ ಕೌಂಟರ್ ಬಿಡಬೇಡಿ

ಎಫ್‌ಡಿ ಬಡ್ಡಿ ನಂಬಿ ಬದುಕುತ್ತಿರುವ ನನ್ನಂಥ ಹಿರಿಯರೆಲ್ಲ ಇದನ್ನು ಓದಿ. ನಿಮ್ಮ ಮನೆಯಲ್ಲಿ ಅಪ್ಪ ಅಮ್ಮ ಇದ್ದರೆ ಅವರಿಗೂ ಓದಿ ಹೇಳಿ.

ನನಗೆ 68 ವರ್ಷ. ತಿಂಗಳಿಗೆ 25,000 ಪಿಂಚಣಿ ಬರುತ್ತದೆ. ನಿವೃತ್ತಿಯ ಹಣ 30 ಲಕ್ಷ ಒಂದೇ ಬ್ಯಾಂಕಿನಲ್ಲಿದೆ, ಶೇ. 7.5 ಬಡ್ಡಿ. ಮೂರು ತಿಂಗಳಿಗೊಮ್ಮೆ 56,250 ಖಾತೆಗೆ ಬರಬೇಕು. 2025ರ ಏಪ್ರಿಲ್ ಮೊದಲ ವಾರದಲ್ಲೇ ಶಾಖೆಗೆ ಹೋಗಿ, ನನಗೆ ತೆರಿಗೆ ಬರುವುದಿಲ್ಲ, ಬಡ್ಡಿಯಲ್ಲಿ ತೆರಿಗೆ ಹಿಡಿಯಬೇಡಿ ಎಂದು ಹಿರಿಯರು ಬರೆದುಕೊಡುವ 15ಎಚ್ ಫಾರ್ಮ್ ತುಂಬಿ ಕೊಟ್ಟೆ. ಎಲ್ಲ ಎಫ್‌ಡಿ ನಂಬರ್ ಬರೆದಿದ್ದೆ, ಪ್ಯಾನ್ ಪ್ರತಿ ಇಟ್ಟಿದ್ದೆ. ಇನ್ನೊಂದು ಪ್ರತಿಗೆ ಸೀಲ್ ಹಾಕಿ ಕೊಡಿ ಎಂದು ಕೇಳಿದೆ. "ಅದೆಲ್ಲ ಬೇಡ ಬಿಡಿ ಅಮ್ಮ, ನಾವು ಎಂಟ್ರಿ ಮಾಡ್ತೀವಿ, ನಮ್ಮ ಮೇಲೆ ನಂಬಿಕೆ ಇಲ್ವಾ?" ಎಂದರು. ಹಾಗೆ ಕೇಳಿದ ಮೇಲೆ ಏನು ಹೇಳುವುದು?

ಜೂನ್ ಕೊನೆಗೆ ಖಾತೆಗೆ ಬಂದದ್ದು 50,625. ಹತ್ತು ಪರ್ಸೆಂಟ್, ಅಂದರೆ 5,625 ರೂಪಾಯಿಯನ್ನು ಟಿಡಿಎಸ್ ಎಂದು, ಬಡ್ಡಿ ಕೊಡುವ ಮೊದಲೇ ತೆರಿಗೆಗೆ ಹಿಡಿದುಕೊಂಡಿದ್ದರು. ಜುಲೈ ಶುರುವಾಗುತ್ತಿದ್ದಂತೆ ಓಡಿದೆ. "ನಿಮ್ಮ ಫಾರ್ಮ್ ಸಿಸ್ಟಮ್‌ನಲ್ಲಿ ಇಲ್ಲ" ಎಂದರು. ಕೊಟ್ಟಿದ್ದೇನಲ್ಲ ಎಂದರೆ, "ಪ್ರೂಫ್ ಇದೆಯಾ?" ಸೀಲ್ ಬೇಡ ಎಂದು ಕಳಿಸಿದವರೇ ಪ್ರೂಫ್ ಕೇಳಿದರು! ನಂತರ, "ಮುಂದಿನ ವಾರ ಬನ್ನಿ, ನೋಡೋಣ" ಎಂದರು.

ಮುಂದಿನ ವಾರ ಹೋದೆ. "ಹಣ ಸರ್ಕಾರಕ್ಕೆ ಕಟ್ಟಿ ಆಯ್ತು ಅಮ್ಮ, ನಮ್ಮ ಕೈಯಲ್ಲಿ ಏನೂ ಇಲ್ಲ. ರಿಟರ್ನ್ ಹಾಕಿ ವಾಪಸ್ ತಗೊಳ್ಳಿ."

ಇದೇ ನನ್ನ ಹೊಟ್ಟೆ ಉರಿಸಿದ್ದು. ಜೂನ್‌ನಲ್ಲಿ ಹಿಡಿದ ಟಿಡಿಎಸ್ ಅನ್ನು ಬ್ಯಾಂಕು ಸರ್ಕಾರಕ್ಕೆ ಕಟ್ಟಲು ಜುಲೈ 7ರವರೆಗೆ ಸಮಯ ಇರುತ್ತದೆ. ನಾನು ಮೊದಲು ಹೋದಾಗ ಆ ತಾರೀಖು ದಾಟಿರಲಿಲ್ಲ. ಅವತ್ತೇ ಮನಸ್ಸು ಮಾಡಿದ್ದರೆ ಏನಾದರೂ ದಾರಿ ಇರುತ್ತಿತ್ತೇನೋ. ತೆರಿಗೆ ಕೆಲಸ ನೋಡುವ ಪರಿಚಯದವರು ಇದನ್ನು ಹೇಳಿದಾಗ ನನಗೆ ಆ "ಮುಂದಿನ ವಾರ"ದ ಅರ್ಥ ಗೊತ್ತಾಯಿತು. ಸುಮ್ನೆ ದಿನ ತಳ್ಳಿದರು.

ಮತ್ತೆ ಕೇಳಿದಾಗ ಮಾತೇ ಬದಲಾಯಿತು. "ನಿಮ್ಮ ಆದಾಯ 4 ಲಕ್ಷ ದಾಟುತ್ತೆ, ನಿಮಗೆ 15ಎಚ್ ಬರೋದೇ ಇಲ್ಲ. ಸುಳ್ಳು ಬರೆದುಕೊಟ್ಟರೆ ಕೇಸ್ ಆಗುತ್ತೆ." ಸಾಲಿನಲ್ಲಿ ನಿಂತವರೆಲ್ಲ ನನ್ನನ್ನೇ ನೋಡಿದರು. ನಾಚಿಕೆಯಿಂದ ಮುಖ ಬಿಸಿಯಾಯಿತು. ನಾನೇನು ಕಳ್ಳಿಯಾ?

ಅವರು ಹೇಳಿದ್ದು ತಪ್ಪು. ಲೆಕ್ಕ ನೋಡಿ. ವರ್ಷದ ಪಿಂಚಣಿ 3,00,000, ಬಡ್ಡಿ 2,25,000. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಪಿಂಚಣಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಉಳಿಯುವುದು 4,50,000. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಮಿಕ್ಕ 50,000ಕ್ಕೆ ಐದು ಪರ್ಸೆಂಟ್, 2,500 ರೂಪಾಯಿ. ಅದೂ ಕಡಿಮೆ ಆದಾಯದವರಿಗೆ ತೆರಿಗೆ ಮನ್ನಾ ಮಾಡುವ 87ಎ ರಿಬೇಟ್‌ನಲ್ಲಿ ಪೂರ್ತಿ ಹೋಗುತ್ತದೆ. ಕಟ್ಟಬೇಕಾದ ತೆರಿಗೆ ಸೊನ್ನೆ. 60 ದಾಟಿದವರ 15ಎಚ್‌ಗೆ ಈ ರಿಬೇಟ್ ಕಳೆದ ಮೇಲಿನ ತೆರಿಗೆಯನ್ನೇ ನೋಡಬೇಕು ಎಂದು 2019ರಲ್ಲೇ ಫಾರ್ಮ್‌ನ ಟಿಪ್ಪಣಿಗೆ ಸೇರಿಸಿದ್ದರು. ಆ ಫಾರ್ಮ್ ತೆಗೆದುಕೊಳ್ಳುವವರಿಗೇ ಇದು ಗೊತ್ತಿಲ್ಲ ಅಂದ್ರೆ ಹೇಗೆ?

ಅಲ್ಲೇ ಇನ್ನೊಬ್ಬರು, "ಹಿರಿಯರಿಗೆ 50,000 ಬಡ್ಡಿಗೆ ಹೇಗೂ ತೆರಿಗೆ ಇಲ್ವಲ್ಲ" ಎಂದು ಸಮಾಧಾನ ಹೇಳಲು ಬಂದರು. ಅದು 80ಟಿಟಿಬಿ ಅನ್ನುವ ವಿನಾಯಿತಿ. ಹಳೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಟಿಡಿಎಸ್ ಹಿಡಿಯುವ ಮಿತಿಯೇ ಬೇರೆ. 2025ರ ಏಪ್ರಿಲ್‌ನಿಂದ ಹಿರಿಯರಿಗೆ ಅದು ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ 1 ಲಕ್ಷ ಬಡ್ಡಿ. ನನ್ನದು ಅದನ್ನು ದಾಟುತ್ತದೆ, ಅದಕ್ಕೇ ತಾನೇ 15ಎಚ್ ಕೊಟ್ಟಿದ್ದು!

ಕೊನೆಗೆ ಫಾರ್ಮ್ ಮತ್ತೆ ಕೊಟ್ಟೆ. ಈ ಸಲ ಸೀಲ್, ತಾರೀಖು, ಸಹಿ ಹಾಕಿಸಿಕೊಂಡೇ ಎದ್ದದ್ದು. ಪ್ರತಿ ಫಾರ್ಮ್‌ಗೂ ಬ್ಯಾಂಕು ಒಂದು ಗುರುತಿನ ಸಂಖ್ಯೆ ಕೊಡಬೇಕು, ಯುಐಎನ್ ಅಂತಾರೆ, 15ಎಚ್‌ನದು ಎಚ್ ಅಕ್ಷರದಿಂದ ಶುರುವಾಗುತ್ತಿತ್ತು. ಅದನ್ನೂ ಕೇಳಿ ಬರೆದುಕೊಂಡೆ. ಸೆಪ್ಟೆಂಬರ್‌ನಲ್ಲಿ 56,250 ಪೂರ್ತಿ ಬಂತು. ಹಾಗಾದ್ರೆ ಜೂನ್‌ನಲ್ಲಿ ಅರ್ಹತೆ ಇಲ್ಲದವಳಿಗೆ ಸೆಪ್ಟೆಂಬರ್‌ನಲ್ಲಿ ಎಲ್ಲಿಂದ ಬಂತು?

ಸೀಲ್ ಬೇಡ ಎಂದರೆ ಏಳಬೇಡಿ, ಅವರು ಎಷ್ಟೇ ಸಿಹಿಯಾಗಿ ಮಾತಾಡಲಿ. ಏಪ್ರಿಲ್‌ನಲ್ಲಿ ಕೊಟ್ಟ ಫಾರ್ಮ್ ಆ ಒಂದು ಹಣಕಾಸು ವರ್ಷಕ್ಕೆ ಮಾತ್ರ, ಬ್ಯಾಂಕು ಎರಡಿದ್ದರೆ ಎರಡಕ್ಕೂ ಕೊಡಬೇಕು. ಮಧ್ಯದಲ್ಲಿ ಹೊಸ ಎಫ್‌ಡಿ ಮಾಡಿದರೆ ಅದರ ನಂಬರ್ ಸೇರಿದೆಯಾ ಕೇಳಿ. ಜಂಟಿ ಎಫ್‌ಡಿ ಆದರೆ ಮೊದಲ ಹೆಸರಿನವರ ಫಾರ್ಮ್ ಬೇಕು. ಬಡ್ಡಿ ಬಂದ ದಿನವೇ ಪಾಸ್‌ಬುಕ್ ನೋಡಿ, ಕಡಿಮೆ ಇದ್ದರೆ ಅವತ್ತೇ ಬರವಣಿಗೆಯಲ್ಲಿ ದೂರು ಕೊಡಿ. "ಮುಂದಿನ ವಾರ" ಎಂದರೆ ಒಪ್ಪಬೇಡಿ.

ನನ್ನ 5,625 ಈಗ ನನ್ನ ಹೆಸರಲ್ಲಿ ಕಟ್ಟಿದ ತೆರಿಗೆ ತೋರಿಸುವ 26ಎಎಸ್ ಪಟ್ಟಿಯಲ್ಲಿ ಕಾಣಿಸುತ್ತಿದೆ. ವಾಪಸ್ ಬರಬೇಕೆಂದರೆ ವರ್ಷ ಮುಗಿಯಬೇಕು, ರಿಟರ್ನ್ ಹಾಕಬೇಕು, ಆಮೇಲೆ ಕಾಯಬೇಕು. ಶಾಖೆಯಿಂದ ಒಂದು ಕ್ಷಮೆಯ ಮಾತೂ ಬಂದಿಲ್ಲ.